ಕಾಲಿಗೊಂದು ದಾರಿ, ಗದ್ದಕ್ಕೊಂದು ದಾರಿ

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಎಣ್ಣೆಗೆಂಪು ಮೈಬಣ್ಣ. ಎಂಟು ವರ್ಷದಿಂದ ಕಾಲಿಗೆ ವ್ಯಾಕ್ಸಿಂಗ್ ಮಾಡಿಸುತ್ತಿದ್ದೆ. ಕಳೆದ ವರ್ಷ ಎಪಿಲೇಟರ್ ತಗೊಂಡೆ. ಅಲ್ಲಿಂದ ಕಾಲ ತುಂಬ ಸಣ್ಣ ಗುಳ್ಳೆ, ಒಣಗಿದ ಮೇಲೆ ಕಪ್ಪು ಚುಕ್ಕೆ. ಕ್ರೀಮ್ ಹಚ್ಚಿದರೆ ಉರಿ. ಗದ್ದದಲ್ಲಿ ಐದಾರು ದಪ್ಪ ಕೂದಲು ಬರುತ್ತಿವೆ, ಚಿಮುಟದಲ್ಲಿ ಕೀಳುತ್ತೇನೆ. ರೇಜರ್ ಮುಟ್ಟಿದರೆ ಕೂದಲು ದಪ್ಪ ಆಗುತ್ತೆ ಅಂತ ಅಮ್ಮ ಬಿಡುವುದಿಲ್ಲ. ಲೇಸರ್ ಮಾಡಿಸಿದರೆ ಎಲ್ಲಾ ಮುಗಿಯುತ್ತಾ? ನೋವು ಎಷ್ಟು? ಅಷ್ಟು ಖರ್ಚು ಮಾಡುವುದು ಸರೀನಾ? ಇನ್ನೂ ಕಪ್ಪಾಗಿಬಿಟ್ಟರೆ?

ಉತ್ತರ: ಮೊದಲು ಆ ಗುಳ್ಳೆಯನ್ನೇ ಸರಿಯಾಗಿ ನೋಡೋಣ. ಅದು ಏನು ಅಂತ ಗೊತ್ತಾದರೆ ಉಳಿದ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ಬೆಳಕಿರುವ ಕಡೆ ಕುಳಿತು ಮೀನಖಂಡದ ಚರ್ಮವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಗುಳ್ಳೆಯ ಕೆಳಗೆ ಕಪ್ಪು ಗೆರೆಯೋ ಸಣ್ಣ ಸುರುಳಿಯೋ ಕಾಣುತ್ತದೆಯಾ? ನನ್ನ ಬಳಿ ಬರುವವರ ಕಾಲನ್ನು ಬೆಳಕಿರುವ ಭೂತಗನ್ನಡಿಯಲ್ಲಿ ನೋಡುವಾಗ ಇದು ತುಂಬಾ ಸ್ಪಷ್ಟವಾಗಿ ಕಾಣುತ್ತದೆ. ಚರ್ಮದ ತೆಳು ಪದರದ ಕೆಳಗೆ ಕೂದಲು ಗಡಿಯಾರದ ಸ್ಪ್ರಿಂಗ್ ಥರ ಸುತ್ತಿಕೊಂಡು ಮಲಗಿರುತ್ತದೆ. ಶುದ್ಧ ಮಾಡಿದ ಸೂಜಿಯ ಮೊನೆಯಿಂದ ಆ ಪದರವನ್ನು ಸ್ವಲ್ಪ ಬಿಡಿಸಿದರೆ ಸಾಕು, ಕೂದಲು ಟಪ್ಪಂತ ಎದ್ದು ನಿಲ್ಲುತ್ತದೆ. ಕೆಲವೊಮ್ಮೆ ಅರ್ಧ ಇಂಚು ಉದ್ದ ಇರುತ್ತದೆ. ಅಷ್ಟೂ ದಿನ ಅದು ಹೊರಗೆ ಬರುವ ಬದಲು ಒಳಗೇ ಬೆಳೆದಿತ್ತು.

ಇದಕ್ಕೆ ಕಾರಣ ಹೀಗೆ. ಎಪಿಲೇಟರ್ ಅಂದರೆ ತಿರುಗುವ ಚಿಮುಟಗಳ ಸಾಲು. ಅದು ಎಲ್ಲ ಕೂದಲನ್ನೂ ಬುಡಸಮೇತ ಕೀಳುವುದಿಲ್ಲ. ಕೂದಲು ತೀರಾ ಉದ್ದ ಇದ್ದರೆ, ಕೈ ಬೇಗ ಬೇಗ ಓಡಿದರೆ, ಚರ್ಮ ಸಡಿಲವಾಗಿದ್ದರೆ, ಒಂದಷ್ಟು ಕೂದಲು ಚರ್ಮದ ಮಟ್ಟಕ್ಕಿಂತ ಸ್ವಲ್ಪ ಒಳಗೇ ತುಂಡಾಗುತ್ತವೆ. ಆ ತುಂಡಿನ ಮೊನೆ ಚೂಪಾಗಿರುತ್ತದೆ. ಅದು ಬೆಳೆಯುವಾಗ ರಂಧ್ರದಿಂದ ನೇರ ಹೊರಗೆ ಬರದೆ ಪಕ್ಕದ ಚರ್ಮವನ್ನೇ ಚುಚ್ಚುತ್ತದೆ. ಬುಡಸಮೇತ ಕಿತ್ತ ಕೂದಲಿಗೂ ಒಂದು ತೊಂದರೆ ಇದೆ. ಹೊಸದಾಗಿ ಬರುವ ಎಳೆಯ ಕೂದಲು ತೆಳುವಾಗಿರುತ್ತದೆ. ಅಷ್ಟರಲ್ಲಿ ರಂಧ್ರದ ಬಾಯಿ ಸತ್ತ ಚರ್ಮದಿಂದ ಮುಚ್ಚಿಕೊಂಡಿದ್ದರೆ ಅದನ್ನು ತಳ್ಳಿ ಬರುವ ಶಕ್ತಿ ಆ ಎಳೆಗೆ ಇರುವುದಿಲ್ಲ.

ದೇಹಕ್ಕೆ ಆ ಕೂದಲು ಹೊರಗಿನಿಂದ ಹೊಕ್ಕ ಮುಳ್ಳಿದ್ದ ಹಾಗೆ. ಸುತ್ತ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಬಣ್ಣದ ಕಣಗಳು ಜಾಸ್ತಿ. ಉರಿಯೂತ ಆದ ಕಡೆ ಅವು ಇನ್ನೂ ಜಾಸ್ತಿ ತಯಾರಾಗುತ್ತವೆ, ಕೆಲವು ಕೆಳಗಿನ ಪದರಕ್ಕೂ ಇಳಿಯುತ್ತವೆ. ನೀವು ಹೇಳುವ ಕಪ್ಪು ಚುಕ್ಕೆ ಇದೇ. ಗುಳ್ಳೆ ವಾರದಲ್ಲಿ ಹೋದರೂ ಚುಕ್ಕೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಉಗುರಿನಲ್ಲಿ ಕೆರೆದು ಕೂದಲು ತೆಗೆಯಲು ಹೋದರೆ ಹೊಸ ಗಾಯ, ಹೊಸ ಉರಿಯೂತ, ಮತ್ತೊಂದು ಚುಕ್ಕೆ. ಹಾಗಾಗಿ ನಿಮ್ಮ ಕಾಲಿನ ತೊಂದರೆ ಕೂದಲಿನದ್ದಲ್ಲ, ಅದು ತುಂಡಾಗುವ ರೀತಿಯದ್ದು.

ಒಂದು ವೇಳೆ ಗುಳ್ಳೆಯ ನಡುವೆ ಬಿಳಿ ಕೀವು ಕಂಡು, ಅದರ ಮಧ್ಯದಿಂದ ಕೂದಲು ನೇರವಾಗಿ ಎದ್ದಿದ್ದರೆ ಅದು ಕೂದಲ ಬುಡದ ಸೋಂಕು. ಕೀವಿನ ಗುಳ್ಳೆಗಳು ಹೆಚ್ಚುತ್ತಿದ್ದರೆ, ನೋವಿದ್ದರೆ, ಜ್ವರ ಬಂದರೆ ಮನೆಯಲ್ಲಿ ಕಾಯದೆ ತೋರಿಸಿ. ತೊಡೆ, ತೋಳುಗಳಲ್ಲಿ ವರ್ಷವಿಡೀ ಮರಳುಕಾಗದದಂಥ ಒರಟು ಇದ್ದರೆ ಅದು ಮೂರನೆಯದೇ ವಿಷಯ. ಅದು ಹೆಚ್ಚಾಗಿ ಮನೆತನದಿಂದ ಬರುವ ಚರ್ಮದ ಗುಣ, ಕೂದಲು ತೆಗೆದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ನೀವು ಮಾಡಬೇಕಾದ ಮೊದಲ ಕೆಲಸ ತುಂಬಾ ಸರಳ. ಕನಿಷ್ಠ ನಾಲ್ಕು ವಾರ ಕಾಲಿನ ಕೂದಲನ್ನು ಕೀಳಬೇಡಿ. ವ್ಯಾಕ್ಸ್ ಬೇಡ, ಎಪಿಲೇಟರ್ ಬೇಡ, ಚಿಮುಟವೂ ಬೇಡ. ಒಳಗೆ ಸಿಕ್ಕಿಕೊಂಡ ಕೂದಲುಗಳಲ್ಲಿ ಬಹುಪಾಲು ಈ ಸಮಯದಲ್ಲಿ ತಾವಾಗಿಯೇ ಹೊರಗೆ ಬರುತ್ತವೆ. ಸ್ಯಾಲಿಸಿಲಿಕ್ ಆಸಿಡ್ ಇರುವ ಲೋಷನ್ ಅನ್ನು ವಾರಕ್ಕೆ ಎರಡು ಮೂರು ಸಲ ರಾತ್ರಿ ತೆಳುವಾಗಿ ಹಚ್ಚಿದರೆ ರಂಧ್ರದ ಬಾಯಿ ತೆರೆದಿರುತ್ತದೆ. ಉರಿ ಆದರೆ ಬಿಟ್ಟುಬಿಡಿ. ಗರ್ಭಿಣಿಯಾಗಿದ್ದರೆ ಕೇಳದೆ ಹಚ್ಚಬೇಡಿ. ಕಾಲು ಬಿಸಿಲಿಗೆ ಬೀಳುವಂತಿದ್ದರೆ ಸನ್‌ಸ್ಕ್ರೀನ್ ಹಚ್ಚಿ, ಯಾಕೆಂದರೆ ಹಳೆಯ ಚುಕ್ಕೆಗೆ ಬಿಸಿಲು ಬಿದ್ದರೆ ಅದು ಇನ್ನಷ್ಟು ಗಾಢವಾಗುತ್ತದೆ. ಒರಟು ಸ್ಕ್ರಬ್ ಹಾಕಿ ಉಜ್ಜುವುದು ಬೇಡವೇ ಬೇಡ. ಕಪ್ಪನ್ನು ಉಜ್ಜಿ ತೆಗೆಯಬಹುದು ಅನ್ನುವ ನಂಬಿಕೆಯಿಂದ ಕಾಲನ್ನು ಇನ್ನೂ ಕಪ್ಪು ಮಾಡಿಕೊಂಡವರನ್ನು ನಾನು ವಾರವಾರ ನೋಡುತ್ತೇನೆ.

ನಾಲ್ಕು ವಾರ ಕೂದಲು ಬಿಟ್ಟುಕೊಂಡು ಓಡಾಡುವುದು ಹೇಗೆ ಅಂತ ಕೇಳುತ್ತೀರಿ, ಅಲ್ವಾ? ಅದಕ್ಕೇ ರೇಜರ್ ಇರುವುದು. ಅಮ್ಮನ ಮಾತಿಗೆ ಇಲ್ಲಿ ಉತ್ತರ ಹೇಳುತ್ತೇನೆ.

ಕೂದಲಿನ ದಪ್ಪ, ಬಣ್ಣ, ಬೆಳೆಯುವ ವೇಗ ಎಲ್ಲವೂ ನಿರ್ಧಾರವಾಗುವುದು ಚರ್ಮದ ಒಳಗಿನ ಬುಡದಲ್ಲಿ. ರೇಜರ್ ಮುಟ್ಟುವುದು ಹೊರಗಿನ ಸತ್ತ ಎಳೆಯನ್ನು ಮಾತ್ರ. ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ತಜ್ಞೆ 1928ರಲ್ಲೇ ಇದನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲ ದಪ್ಪವಾಗಲಿ ಬೆಳವಣಿಗೆಯಾಗಲಿ ಬದಲಾಗುವುದಿಲ್ಲ ಎಂದು ಬರೆದರು. ಆಮೇಲೆ ನಡೆದ ಅಧ್ಯಯನಗಳೂ ಅದನ್ನೇ ಹೇಳಿವೆ. ಹಾಗಾದರೆ ದಪ್ಪ ಅನ್ನಿಸುವುದೇಕೆ? ಎಂದೂ ಕತ್ತರಿಸದ ಕೂದಲಿನ ತುದಿ ಸೂಜಿಯ ಹಾಗೆ ಸಪೂರ. ಬೋಳಿಸಿದಾಗ ಅದನ್ನು ನಡುವೆ, ಅದರ ಅತಿ ದಪ್ಪ ಜಾಗದಲ್ಲಿ ಕತ್ತರಿಸುತ್ತೇವೆ. ಎರಡು ದಿನ ಬಿಟ್ಟು ಕೈ ಆಡಿಸಿದರೆ ಆ ಮೊಂಡು ತುದಿ ಚುಚ್ಚುತ್ತದೆ. ಅಮ್ಮ ಕಂಡದ್ದು ಸುಳ್ಳಲ್ಲ, ಅದರ ಕಾರಣ ಮಾತ್ರ ಬೇರೆ. ಇನ್ನೊಂದು ಮಾತೂ ಇದೆ. ಹುಡುಗಿಯರು ರೇಜರ್ ಹಿಡಿಯುವುದು ಹದಿನಾಲ್ಕು ಹದಿನೈದರಲ್ಲಿ. ಆ ವಯಸ್ಸಿನಲ್ಲಿ ಹಾರ್ಮೋನಿನಿಂದ ಕೂದಲು ಹೇಗೂ ದಪ್ಪ ಆಗುತ್ತಿರುತ್ತದೆ. ಕೆಟ್ಟ ಹೆಸರು ರೇಜರಿಗೆ ಬರುತ್ತದೆ.

ನಿಮ್ಮ ಚರ್ಮಕ್ಕೆ ರೇಜರ್ ಬಳಸುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಸ್ನಾನದ ಕೊನೆಯಲ್ಲಿ, ಕೂದಲು ನೆನೆದು ಮೆತ್ತಗಾದ ಮೇಲೆ, ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ತುಂಬಾ ನುಣುಪು ಬೇಕು ಅಂತ ವಿರುದ್ಧ ದಿಕ್ಕಿಗೆ ಎಳೆದರೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಎಳೆದರೆ ಕೂದಲು ಚರ್ಮದೊಳಕ್ಕೆ ಸರಿದು, ಎಪಿಲೇಟರ್ ಮಾಡಿದ ತಪ್ಪನ್ನೇ ಇದೂ ಮಾಡುತ್ತದೆ. ಬ್ಲೇಡು ಮೊಂಡಾದ ಕೂಡಲೇ ಬದಲಿಸಿ.

ಕ್ರೀಮಿನ ಉರಿಗೂ ಒಂದು ಕಾರಣ ಇದೆ. ಕೂದಲು ತೆಗೆಯುವ ಕ್ರೀಮುಗಳಲ್ಲಿ ಕೆಲಸ ಮಾಡುವುದು ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ. ಕೂದಲು ಗಟ್ಟಿಯಾಗಿರುವುದು ಕೆರಾಟಿನ್ ಎಂಬ ಪ್ರೋಟೀನಿನಿಂದ. ಆ ಪ್ರೋಟೀನಿನ ಕೊಂಡಿಗಳನ್ನು ಈ ರಾಸಾಯನಿಕ ಬಿಚ್ಚುತ್ತದೆ, ಕೂದಲು ಲೋಳೆಯಾಗಿ ಒರೆಸಿದರೆ ಬರುತ್ತದೆ. ಆದರೆ ಚರ್ಮದ ಮೇಲ್ಪದರ ಮಾಡಲ್ಪಟ್ಟಿರುವುದೂ ಕೆರಾಟಿನ್‌ನಿಂದಲೇ. ಕ್ರೀಮಿಗೆ ಕೂದಲು ಯಾವುದು, ಚರ್ಮ ಯಾವುದು ಅಂತ ಗೊತ್ತಾಗುವುದಿಲ್ಲ. ಕೂದಲು ಸ್ವಲ್ಪ ಬೇಗ ಕರಗುತ್ತದೆ, ಚರ್ಮ ಸ್ವಲ್ಪ ನಿಧಾನ. ಡಬ್ಬಿಯ ಮೇಲೆ ಬರೆದ ನಿಮಿಷಗಳ ಲೆಕ್ಕ ಇರುವುದು ಈ ಸಣ್ಣ ಅಂತರದಲ್ಲಿ. ಇದು ಕೆಲಸ ಮಾಡಲು ಕ್ಷಾರ ಬೇಕು, ಹಾಗಾಗಿ ಕ್ರೀಮಿನ ಪಿಎಚ್ 12ರ ಆಸುಪಾಸು ಇರುತ್ತದೆ. ಚರ್ಮದ್ದು ಸುಮಾರು 5.

ಒಬ್ಬ ಯುವತಿ ಮರುದಿನ ಮದುವೆಗೆ ಹೋಗಬೇಕು ಅಂತ ರಾತ್ರಿ ಕಾಲಿಗೆ ಕ್ರೀಮ್ ಹಚ್ಚಿಕೊಂಡು ಫೋನಿನಲ್ಲಿ ಮಾತಾಡುತ್ತ ಕುಳಿತಿದ್ದಳು. ಐದು ನಿಮಿಷದ್ದು ಇಪ್ಪತ್ತೈದು ನಿಮಿಷ ಆಯಿತು. ನನ್ನ ಹತ್ತಿರ ಬಂದಾಗ ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಚರ್ಮ ಹಸಿಯಾಗಿ ಸುಲಿದಿತ್ತು, ಬಟ್ಟೆ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹುಣ್ಣು ಹತ್ತು ದಿನಕ್ಕೆ ಮಾಗಿತು, ಕಂದು ಕಲೆ ಹೋಗಲು ಒಂಬತ್ತು ತಿಂಗಳು ಬೇಕಾಯಿತು. ಕ್ರೀಮಿಗೆ ಕೀಳುವ ನೋವಿಲ್ಲ, ಖರ್ಚೂ ಕಡಿಮೆ, ಚರ್ಮದೊಳಗೆ ಚೂಪು ಮೊನೆ ಬಿಡುವುದಿಲ್ಲ. ಸಹಿಸುವವರಿಗೆ ಒಳ್ಳೆಯ ದಾರಿಯೇ. ಆದರೆ ನಿಮಗೆ ಉರಿ ಬಂದಿದೆ. ಹಚ್ಚಿದ ಒಂದೆರಡು ನಿಮಿಷಕ್ಕೇ ಉರಿದು, ತೊಳೆದ ಮೇಲೆ ಗಂಟೆಯೊಳಗೆ ಹೋದರೆ ಅದು ಕ್ಷಾರದ ಕಿರಿಕಿರಿ. ಒಂದೆರಡು ದಿನ ಬಿಟ್ಟು ತುರಿಕೆ, ನೀರುಗುಳ್ಳೆ ಬಂದರೆ ಅಲರ್ಜಿ. ಹೆಚ್ಚಿನ ಕ್ರೀಮುಗಳಲ್ಲಿ ರಾಸಾಯನಿಕದ ವಾಸನೆ ಮುಚ್ಚಲು ಪರಿಮಳ ಹಾಕಿರುತ್ತಾರೆ, ಅಲರ್ಜಿ ಅದರಿಂದಲೂ ಬರಬಹುದು. ಎರಡರಲ್ಲಿ ಯಾವುದೇ ಆಗಿರಲಿ, ಗುಳ್ಳೆ ಇರುವ ಈಗಿನ ಕಾಲಿಗೆ ಕ್ರೀಮ್ ಬೇಡ.

ವ್ಯಾಕ್ಸಿಂಗ್ ನಿಮಗೆ ಎಂಟು ವರ್ಷ ಒಗ್ಗಿತ್ತು ಅನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ವ್ಯಾಕ್ಸ್, ಎಪಿಲೇಟರ್ ಎರಡೂ ಬುಡದಿಂದ ಕೀಳುತ್ತವೆ, ಎರಡರ ಫಲವೂ ಮೂರರಿಂದ ಆರು ವಾರ. ನೋವಿನ ರೀತಿ ಬೇರೆ. ವ್ಯಾಕ್ಸಿನದ್ದು ಒಂದೇ ಏಟಿನ ನೋವು, ಕ್ಷಣದಲ್ಲಿ ಮುಗಿಯುತ್ತದೆ. ಎಪಿಲೇಟರಿನದ್ದು ಇರುವೆ ಸಾಲು ಕಚ್ಚಿದ ಹಾಗೆ, ಅರ್ಧ ಗಂಟೆ ಕಚ್ಚುತ್ತಲೇ ಇರುತ್ತದೆ. ಮೊದಲ ಮೂರು ನಾಲ್ಕು ಸಲದ ನಂತರ ಕಡಿಮೆ ಆಗುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಎರಡೂ ಜಾಸ್ತಿ ನೋಯುತ್ತವೆ ಅಂತ ತುಂಬಾ ಜನ ಹೇಳುತ್ತಾರೆ. ಖರ್ಚಿನಲ್ಲಿ ಎಪಿಲೇಟರ್ ಒಮ್ಮೆ ಕೊಂಡರೆ ಆಯಿತು, ವ್ಯಾಕ್ಸಿಗೆ ಪ್ರತಿ ಸಲ ಕೊಡಬೇಕು. ಆದರೆ ಚರ್ಮದ ಲೆಕ್ಕ ತೆಗೆದರೆ ಕೂದಲು ತುಂಡಾಗುವುದು ಒಳ್ಳೆಯ ಕೈಯ ವ್ಯಾಕ್ಸಿಂಗಿನಲ್ಲಿ ಕಡಿಮೆ.

ಒಳ್ಳೆಯ ಕೈ ಅಂದರೆ ಏನು ಅಂತ ನೀವೇ ನೋಡಿ ತಿಳಿಯಬಹುದು. ಕೂದಲು ಅಕ್ಕಿಕಾಳಿನಷ್ಟು, ಅಂದರೆ ಐದಾರು ಮಿಲಿಮೀಟರ್ ಬೆಳೆದಿರಬೇಕು. ಅದಕ್ಕಿಂತ ಗಿಡ್ಡ ಇದ್ದರೆ ವ್ಯಾಕ್ಸಿಗೆ ಹಿಡಿತ ಸಿಗುವುದಿಲ್ಲ, ಕೂದಲು ತುಂಡಾಗುತ್ತದೆ. ಕೂದಲ ದಿಕ್ಕಿಗೆ ಹಚ್ಚಿ, ಒಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು, ಇನ್ನೊಂದು ಕೈಯಲ್ಲಿ ಪಟ್ಟಿಯನ್ನು ಚರ್ಮಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಎಳೆಯಬೇಕು. ಮೇಲಕ್ಕೆ ಎತ್ತಿ ಎಳೆದರೆ ಕೂದಲೂ ತುಂಡು, ಚರ್ಮವೂ ಕಂದುತ್ತದೆ. ಬಳಸಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದುವವರ ಹತ್ತಿರ ಹೋಗಬೇಡಿ, ಒಬ್ಬರ ಚರ್ಮದ ಸೋಂಕು ಇನ್ನೊಬ್ಬರಿಗೆ ಬರುತ್ತದೆ. ಬಿಸಿಯನ್ನು ಮೊದಲು ಮುಂಗೈ ಮೇಲೆ ನೋಡದೆ ಹಚ್ಚಿಸಿಕೊಳ್ಳಬೇಡಿ. ವ್ಯಾಕ್ಸಿನ ಸುಟ್ಟಗಾಯ ಅಪರೂಪವೇನಲ್ಲ. ಇನ್ನೊಂದು ಮಾತು ಮರೆಯಬಾರದು. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತಗೊಳ್ಳುತ್ತಿರುವವರು ಮೈಯ ಯಾವ ಜಾಗಕ್ಕೂ, ರೆಟಿನಾಯ್ಡ್ ಕ್ರೀಮ್ ಹಚ್ಚುತ್ತಿರುವವರು ಹಚ್ಚಿದ ಜಾಗಕ್ಕೆ ವ್ಯಾಕ್ಸ್ ಮಾಡಿಸಬಾರದು. ಈ ಔಷಧಿಗಳಿಂದ ಚರ್ಮ ತೆಳುವಾಗಿ, ಕೂದಲಿನ ಜೊತೆ ಚರ್ಮದ ಪದರವೇ ಎದ್ದು ಬರುತ್ತದೆ.

ಈಗ ಲೇಸರ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಹಣ ಹೋಗುವುದೂ ಚರ್ಮ ಕೆಡುವುದೂ ಉಳಿಯುವುದೂ ಇಲ್ಲಿಯೇ.

ಲೇಸರ್ ಬೆಳಕು ಹುಡುಕುವುದು ಕಪ್ಪು ಬಣ್ಣವನ್ನು. ಕೂದಲಿನ ಬಣ್ಣ ಆ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿ ಬುಡಕ್ಕೆ ಇಳಿದು ಅದನ್ನು ಹಾಳುಮಾಡುತ್ತದೆ. ಬಿಳಿ ಚರ್ಮ, ಕಪ್ಪು ಕೂದಲು ಇದ್ದವರಲ್ಲಿ ಇದು ಸುಲಭ. ನಮ್ಮಲ್ಲಿ ಚರ್ಮದಲ್ಲೂ ಅದೇ ಬಣ್ಣ ಇದೆ. ಬೆಳಕು ಕೂದಲಿನ ಬುಡ ತಲುಪುವ ಮೊದಲೇ ಮೇಲಿನ ಚರ್ಮ ಅದನ್ನು ಹೀರಿಕೊಂಡು ಸುಡಬಹುದು. ಇನ್ನೂ ಕಪ್ಪಾಗಬಹುದಾ ಅನ್ನುವ ನಿಮ್ಮ ಭಯ ಹಾಗಾಗಿ ಸರಿಯಾದ ಭಯವೇ. ಅದನ್ನು ತಪ್ಪಿಸುವ ದಾರಿಯೂ ಇದೆ.

ಎಲ್ಲಾ ಲೇಸರ್ ಒಂದೇ ಅಲ್ಲ. ಅಲೆಕ್ಸಾಂಡ್ರೈಟ್ ಎಂಬುದರ ತರಂಗದ ಉದ್ದ 755 ನ್ಯಾನೊಮೀಟರ್. ಡಯೋಡ್ ಸಾಮಾನ್ಯವಾಗಿ 800ರಿಂದ 810. ಎನ್‌ಡಿ ಯಾಗ್ 1064. ತರಂಗ ಉದ್ದವಾದಷ್ಟೂ ಬೆಳಕು ಆಳಕ್ಕೆ ಇಳಿಯುತ್ತದೆ, ಮೇಲಿನ ಚರ್ಮದ ಬಣ್ಣ ಅದನ್ನು ಕಡಿಮೆ ಹೀರುತ್ತದೆ. ಆದ್ದರಿಂದ ಗಾಢ ಕಂದು, ಕಪ್ಪು ಚರ್ಮಕ್ಕೆ 1064 ಅತ್ಯಂತ ಸುರಕ್ಷಿತ. ನಿಮ್ಮಂಥ ಎಣ್ಣೆಗೆಂಪು ಬಣ್ಣಕ್ಕೆ ಡಯೋಡ್ ಕೂಡ ನಡೆಯುತ್ತದೆ. ಆದರೆ ಬೆಳಕು ಬೀಳುವ ಹೊತ್ತು ಉದ್ದವಾಗಿರಬೇಕು, ಚರ್ಮವನ್ನು ತಂಪು ಮಾಡುವ ವ್ಯವಸ್ಥೆ ಚೆನ್ನಾಗಿರಬೇಕು, ನಡೆಸುವವರಿಗೆ ಕಂದು ಚರ್ಮದ ಅನುಭವ ಇರಬೇಕು. 755 ಅನ್ನು ನಿಮ್ಮ ಚರ್ಮಕ್ಕೆ ನಾನು ಮೊದಲ ಆಯ್ಕೆಯಾಗಿ ಬಳಸುವುದಿಲ್ಲ. ಮನೆಯಲ್ಲಿ ಬಳಸುವ ಐಪಿಎಲ್ ಸಾಧನಗಳು ಲೇಸರ್ ಅಲ್ಲವೇ ಅಲ್ಲ. ಅವು ಹಲವು ತರಂಗಗಳ ಬೆಳಕನ್ನು ಒಟ್ಟಿಗೆ ಬಿಡುತ್ತವೆ. ಕಂದು ಚರ್ಮಕ್ಕೆ ಆಗುವಷ್ಟು ಮಂದವಾಗಿಟ್ಟರೆ ಕೆಲಸ ಕಡಿಮೆ, ಜೋರಾಗಿಟ್ಟರೆ ಸುಡುತ್ತವೆ. ಹೋದ ಕಡೆ ಬೆಲೆ ಕೇಳುವ ಮುಂಚೆ ಯಂತ್ರ ಯಾವುದು, ತರಂಗ ಎಷ್ಟು ಅಂತ ಕೇಳಿ. ಉತ್ತರ ಬಾರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಒಂದೇ ಸಲಕ್ಕೆ ಯಾಕೆ ಮುಗಿಯುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಪ್ರತಿ ಕೂದಲಿಗೂ ಬೆಳೆಯುವ ಕಾಲ, ವಿಶ್ರಾಂತಿಯ ಕಾಲ ಅಂತ ಇದೆ. ಲೇಸರ್ ತಾಗುವುದು ಬೆಳೆಯುತ್ತಿರುವ, ಬುಡಕ್ಕೆ ಅಂಟಿಕೊಂಡ ಕೂದಲಿಗೆ. ಕಾಲಿನಲ್ಲಿ ಯಾವ ಹೊತ್ತಿಗೆ ನೋಡಿದರೂ ಅಂಥವು ಐದರಲ್ಲಿ ಒಂದು ಪಾಲಿನ ಆಸುಪಾಸು. ಉಳಿದವು ಸರದಿಯಲ್ಲಿ ಎಚ್ಚರವಾಗುವುದನ್ನು ಕಾಯಬೇಕು. ಅದಕ್ಕೇ ಕಾಲಿಗೆ ಆರರಿಂದ ಎಂಟು ವಾರಕ್ಕೊಮ್ಮೆ, ಸುಮಾರು ಆರರಿಂದ ಎಂಟು ಸಲ ಬೇಕಾಗುತ್ತದೆ. ಹೆಚ್ಚುಕಮ್ಮಿ ಒಂದು ವರ್ಷದ ಕೆಲಸ ಅಂತಿಟ್ಟುಕೊಳ್ಳಿ. ಇದೇ ಕಾರಣಕ್ಕೆ ಲೇಸರ್‌ಗೆ ಮೊದಲು ನಾಲ್ಕು ವಾರ ಬುಡದಿಂದ ಕೀಳಬಾರದು. ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಬೆಳಕು ಹಿಡಿಯುವುದು ಯಾವುದನ್ನು? ಬೋಳಿಸಬಹುದು, ಬೋಳಿಸಿಯೇ ಹೋಗಬೇಕು. ಅಂದರೆ ನಾನು ಮೇಲೆ ಹೇಳಿದ ನಾಲ್ಕು ವಾರ ನಿಮಗೆ ಎರಡಕ್ಕೂ ಆಗುತ್ತದೆ.

ಶಾಶ್ವತ ಅನ್ನುವ ಪದವನ್ನು ಅಳೆದು ಕೇಳಿಸಿಕೊಳ್ಳಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಸರ್‌ಗೆ ಒಪ್ಪಿದ ಮಾತು ಕೂದಲು ಶಾಶ್ವತವಾಗಿ ಕಡಿಮೆಯಾಗುವುದು ಎಂದೇ ಹೊರತು, ಪೂರ್ತಿ ಹೋಗುವುದು ಎಂದಲ್ಲ. ಕಾಲಿನಲ್ಲಿ ಫಲ ಚೆನ್ನಾಗಿರುತ್ತದೆ. ಉಳಿದ ಕೂದಲು ತೆಳು, ವಿರಳ. ಗುಳ್ಳೆಯ ತೊಂದರೆ ಇರುವವರಿಗೆ ಇದು ದೊಡ್ಡ ಲಾಭ, ಯಾಕೆಂದರೆ ಒಳಗೆ ಸುತ್ತಿಕೊಳ್ಳಲು ದಪ್ಪ ಕೂದಲೇ ಇರುವುದಿಲ್ಲ. ಆಮೇಲೆ ವರ್ಷಕ್ಕೆ ಒಂದೆರಡು ಸಲ ಮತ್ತೆ ಬೇಕಾಗಬಹುದು. ಬಿಳಿ, ನರೆತ, ತೀರಾ ತೆಳು ಹೊಂಬಣ್ಣದ ಕೂದಲಿಗೆ ಲೇಸರ್ ಏನೂ ಮಾಡುವುದಿಲ್ಲ.

ನೋವು ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ, ಜೊತೆಗೆ ಸ್ವಲ್ಪ ಬಿಸಿ. 1064 ಸ್ವಲ್ಪ ಜಾಸ್ತಿ ನೋಯುತ್ತದೆ. ಕೂದಲು ಕಡಿಮೆಯಾದ ಹಾಗೆ ಪ್ರತಿ ಸಲದ ನೋವೂ ಇಳಿಯುತ್ತದೆ. ಇಲ್ಲಿ ಒಂದು ವಿಷಯ ದಯವಿಟ್ಟು ನೆನಪಿಡಿ. ಮರಗಟ್ಟಿಸುವ ಕ್ರೀಮನ್ನು ಕಾಲಿಡೀ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡು ಹೋಗಬೇಡಿ. ಲೇಸರ್‌ಗೆ ಮುಂಚೆ ಹಾಗೆ ಮಾಡಿಕೊಂಡ ಇಬ್ಬರು ಯುವತಿಯರು ತೀರಿಕೊಂಡ ಮೇಲೆ ಎಫ್‌ಡಿಎ 2007ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿತು. ದೊಡ್ಡ ಜಾಗದಿಂದ, ಅದರಲ್ಲೂ ಮುಚ್ಚಿದ ಚರ್ಮದಿಂದ, ಆ ಔಷಧಿ ರಕ್ತಕ್ಕೆ ಸೇರಿ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಕಾಲಿಗೆ ಅದರ ಅಗತ್ಯ ಸಾಮಾನ್ಯವಾಗಿ ಇರುವುದೂ ಇಲ್ಲ. ತಂಪು ಗಾಳಿ, ಐಸ್ ಸಾಕು.

ಮಾಡಿಸಿದ ಮೇಲೆ ಪ್ರತಿ ಕೂದಲ ಬುಡದ ಸುತ್ತ ಕೋಳಿಚರ್ಮದಂತೆ ಸಣ್ಣ ಕೆಂಪು ಉಬ್ಬು ಬರುತ್ತದೆ. ಹೆದರಬೇಡಿ, ಅದು ಬೆಳಕು ಗುರಿ ಮುಟ್ಟಿದ ಗುರುತು. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದರಿಂದ ಮೂರು ವಾರದಲ್ಲಿ ಸುಟ್ಟ ಕೂದಲು ತಾನಾಗಿ ಉದುರುತ್ತದೆ. ಬೆಳೆಯುತ್ತಿದೆ ಅಂತ ತಪ್ಪು ತಿಳಿಯುವುದು ಈ ದಿನಗಳಲ್ಲೇ. ಆದರೆ ಮಾಡುವಾಗಲೇ ತಡೆಯಲಾರದ ಉರಿ ಬಂದರೆ, ಚರ್ಮ ಬೂದುಬಣ್ಣಕ್ಕೆ ತಿರುಗಿದರೆ, ಯಂತ್ರದ ತುದಿಯ ಆಕಾರದಲ್ಲೇ ಪಟ್ಟೆ ಮೂಡಿದರೆ, ನೀರುಗುಳ್ಳೆ ಎದ್ದರೆ ಅದು ಸುಟ್ಟಗಾಯ. ಆ ಕ್ಷಣವೇ ನಿಲ್ಲಿಸಿ ಅನ್ನಿ. ಸಹಿಸಿಕೊಂಡರೆ ಫಲ ಜಾಸ್ತಿ ಅನ್ನುವುದು ಸುಳ್ಳು. ಬಿಸಿಲಲ್ಲಿ ಕಂದಿ ಬಂದ ಚರ್ಮಕ್ಕೆ ಅವತ್ತು ಲೇಸರ್ ಹೊಡೆಯಬಾರದು, ಆ ಕಂದು ಇಳಿಯುವ ತನಕ ಮುಂದೂಡಬೇಕು. ಮಚ್ಚೆ, ಹಚ್ಚೆ ಇರುವ ಜಾಗವನ್ನು ಬಿಟ್ಟೇ ಮಾಡಬೇಕು. ಎಲ್ಲಕ್ಕಿಂತ ಮೊದಲು ಮೀನಖಂಡದ ಒಂದು ಮೂಲೆಯಲ್ಲಿ ನಾಲ್ಕೈದು ಹೊಡೆತದ ಪರೀಕ್ಷೆ ಮಾಡಿಸಿ, ಎರಡು ವಾರ ಕಾದು ನೋಡಿ. ಕಂದು ಚರ್ಮದಲ್ಲಿ ಕಲೆ ಮರುದಿನ ಕಾಣುವುದಿಲ್ಲ, ತಡವಾಗಿ ಬರುತ್ತದೆ.

ಈಗ ಗದ್ದ. ಕಾಲಿಗೆ ಹೇಳಿದ ಯಾವುದನ್ನೂ ಗದ್ದಕ್ಕೆ ಹಾಗೇ ಹಚ್ಚಬೇಡಿ.

ಗದ್ದದ ಕೂದಲು ಗಂಡಸಿನ ಹಾರ್ಮೋನಿನ ಮಾತು ಕೇಳುವ ಕೂದಲು. ಆ ಹಾರ್ಮೋನು ಹೆಂಗಸರ ದೇಹದಲ್ಲೂ ಸ್ವಲ್ಪ ಇರುತ್ತದೆ. ಎರಡು ಮೂರು ಕೂದಲು ಮನೆತನದಿಂದಲೂ ಬರಬಹುದು. ಆದರೆ 27ಕ್ಕೆ ಹೊಸದಾಗಿ ದಪ್ಪ ಕೂದಲು ಬರಲು ಶುರುವಾದರೆ ನಾನು ಮೊದಲು ಕೇಳುವುದು ಮುಟ್ಟು ಏರುಪೇರಾಗಿದೆಯಾ, ದವಡೆಯ ಅಂಚಿಗೆ ಮೊಡವೆ ಇದೆಯಾ, ತೂಕ ಏರಿದೆಯಾ, ತಲೆಗೂದಲು ನೆತ್ತಿಯಲ್ಲಿ ತೆಳುವಾಗುತ್ತಿದೆಯಾ ಅಂತ. ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಲೇಸರ್ ಬುಕ್ ಮಾಡುವ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಟೆಸ್ಟೊಸ್ಟೆರೋನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡುತ್ತೇವೆ, ಬೇಕಾದರೆ ಅಂಡಾಶಯದ ಸ್ಕ್ಯಾನ್. ಇದಕ್ಕೆ ಅತಿ ಸಾಮಾನ್ಯ ಕಾರಣ ಪಿಸಿಓಎಸ್ ಎಂಬ ಅಂಡಾಶಯದ ಹಾರ್ಮೋನ್ ತೊಂದರೆ. ಕೆಲವೇ ತಿಂಗಳಲ್ಲಿ ಕೂದಲು ಜೋರಾಗಿ ಹೆಚ್ಚಿದರೆ, ಧ್ವನಿ ದಪ್ಪವಾದರೆ ಒಂದು ದಿನವೂ ತಡ ಮಾಡಬೇಡಿ.

ಬುಡಕ್ಕೆ ಹಾರ್ಮೋನು ಬರುತ್ತಲೇ ಇದ್ದರೆ ಲೇಸರ್ ಒಂದು ಕೂದಲು ಕಳೆದರೆ ಪಕ್ಕದ ನವಿರು ದಪ್ಪ ಆಗುತ್ತ ಬರುತ್ತದೆ. ಅದಕ್ಕಿಂತ ದುಃಖದ ವಿಷಯ ಇನ್ನೊಂದಿದೆ. ಕೆಲವರಲ್ಲಿ ಲೇಸರ್ ಅಥವಾ ಐಪಿಎಲ್ ಹೊಡೆದ ಅಂಚಿನಲ್ಲೇ ಮೊದಲಿಲ್ಲದ ಕೂದಲು ಹುಟ್ಟಿಕೊಳ್ಳುತ್ತದೆ. ಇದು ಹೆಚ್ಚು ಕಾಣುವುದು ಮುಖ, ಕತ್ತಿನಲ್ಲಿ, ಅದೂ ಕಂದು ಚರ್ಮದ, ಹಾರ್ಮೋನ್ ತೊಂದರೆ ಇರುವ ಹೆಂಗಸರಲ್ಲಿ. ಬುಡವನ್ನು ಸಾಯಿಸಲು ಸಾಲದ, ಎಬ್ಬಿಸಲು ಸಾಕಾದ ಬಿಸಿ ತಾಗಿದಾಗ ಹೀಗಾಗುತ್ತದೆ ಅನ್ನುವುದು ಹೆಚ್ಚಿನ ತಜ್ಞರ ಅಭಿಪ್ರಾಯ. ಒಬ್ಬ ಹೆಂಗಸು ಗದ್ದದ ಏಳು ಕೂದಲಿಗೆ ಅಂತ ಎಲ್ಲೋ ಐಪಿಎಲ್ ಶುರುಮಾಡಿ, ಎಂಟು ತಿಂಗಳಾದ ಮೇಲೆ ಎರಡೂ ದವಡೆಯ ಉದ್ದಕ್ಕೆ ಕೂದಲು ಹೊತ್ತು ನನ್ನ ಮುಂದೆ ಕುಳಿತಿದ್ದರು. ಅವರ ಮುಟ್ಟು ವರ್ಷದಿಂದ ಸರಿ ಇರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ.

ನಿಮ್ಮದು ಐದಾರೇ ಕೂದಲು. ಅಷ್ಟಕ್ಕೆ ಎಲೆಕ್ಟ್ರಾಲಿಸಿಸ್ ಒಳ್ಳೆಯದು. ಕೂದಲಿನ ರಂಧ್ರಕ್ಕೆ ಸಪೂರ ತಂತಿ ಇಳಿಸಿ ವಿದ್ಯುತ್ತಿನಿಂದ ಆ ಒಂದೇ ಬುಡವನ್ನು ಹಾಳುಮಾಡುತ್ತಾರೆ. 1875ರಲ್ಲಿ ಚಾರ್ಲ್ಸ್ ಮಿಶೆಲ್ ಎಂಬ ಕಣ್ಣಿನ ವೈದ್ಯರು ಕಣ್ಣಿಗೆ ಚುಚ್ಚುವ ರೆಪ್ಪೆಕೂದಲಿಗೆ ಇದನ್ನು ಬಳಸಿದ್ದನ್ನು ವರದಿ ಮಾಡಿದ್ದರು, ಅಷ್ಟು ಹಳೆಯದು. ಬೆಳಕನ್ನು ಬಳಸದ ಕಾರಣ ಚರ್ಮದ ಬಣ್ಣ ಯಾವುದಾದರೂ, ಕೂದಲು ಬಿಳಿಯಾದರೂ ನಡೆಯುತ್ತದೆ. ಇರುವೆ ಕಚ್ಚಿದಷ್ಟು ನೋವು. ಒಂದೊಂದೇ ಕೂದಲಿಗೆ ಮಾಡಬೇಕು, ಅದೂ ಮತ್ತೆ ಮತ್ತೆ. ಅದಕ್ಕೇ ಕಾಲಿಗೆ ಇದು ಆಗದ ಕೆಲಸ, ಗದ್ದಕ್ಕೆ ಹೇಳಿ ಮಾಡಿಸಿದ್ದು. ಕೈ ಪಳಗದವರು ಮಾಡಿದರೆ ಇದರಲ್ಲೂ ಕಲೆ ಉಳಿಯುತ್ತದೆ, ಹಾಗಾಗಿ ಮೊದಲ ದಿನ ಒಂದೇ ಒಂದು ಕೂದಲಿಗೆ ಮಾಡಿಸಿ ನೋಡಿ. ಅಲ್ಲಿಯವರೆಗೆ ಸಣ್ಣ ಕತ್ತರಿಯಿಂದ ಚರ್ಮದ ಮಟ್ಟಕ್ಕೆ ಕತ್ತರಿಸಿ. ಚಿಮುಟದಿಂದ ಕೀಳುತ್ತಿದ್ದರೆ ಕಾಲಿನ ಗುಳ್ಳೆಯೇ ಗದ್ದಕ್ಕೂ ಬರುತ್ತದೆ, ಮುಖದ ಕಲೆ ಕಾಲಿನ ಕಲೆಗಿಂತ ಹೆಚ್ಚು ನೋಯಿಸುತ್ತದೆ.

ಖರ್ಚನ್ನು ನೀವೇ ಒಂದು ಹಾಳೆಯಲ್ಲಿ ಬರೆದು ನೋಡಿ. ಒಂದು ಸಲದ ವ್ಯಾಕ್ಸಿಂಗಿನ ಹಣವನ್ನು ವರ್ಷಕ್ಕೆ ಹನ್ನೆರಡರಂತೆ ಐದು ವರ್ಷಕ್ಕೆ ಲೆಕ್ಕ ಹಾಕಿ. ಅಂದರೆ ಅರವತ್ತು ಸಲದ್ದು. ಪಕ್ಕದಲ್ಲಿ ಲೇಸರ್‌ನ ಎಂಟು ಸಲ, ಆಮೇಲಿನ ನಾಲ್ಕು ವರ್ಷಕ್ಕೆ ವರ್ಷಕ್ಕೆರಡರಂತೆ ಎಂಟು ಸಲ, ಒಟ್ಟು ಹದಿನಾರು ಸಲದ ಹಣ ಬರೆಯಿರಿ. ಲೇಸರ್‌ನ ಒಂದು ಸಲದ ಬೆಲೆ ವ್ಯಾಕ್ಸಿಂಗಿನ ಮೂರೂಮುಕ್ಕಾಲು ಪಟ್ಟಿಗಿಂತ ಕಡಿಮೆ ಇದ್ದರೆ ಐದು ವರ್ಷದಲ್ಲಿ ಲೇಸರ್ ಅಗ್ಗ, ಹೆಚ್ಚಿದ್ದರೆ ದುಬಾರಿ. ಆರು ಸಲಕ್ಕೆ ಪೂರ್ತಿ ಹೋಗುತ್ತದೆ ಅಂತ ಹೇಳಿ ಮುಂಗಡ ಹಣ ಕೇಳುವ ಪ್ಯಾಕೇಜಿಗೆ ಸಹಿ ಹಾಕಬೇಡಿ. ಒಂದು ಸಲಕ್ಕೆ ಒಂದು ಸಲದ ಹಣ ಕೊಡಿ. ಮೂರನೆಯ ಸಲದ ಹೊತ್ತಿಗೂ ಕೂದಲು ಕಡಿಮೆಯಾಗಿದ್ದು ಕಾಣದಿದ್ದರೆ ಯಂತ್ರವೋ ಶಕ್ತಿಯೋ ನಿಮಗೆ ಹೊಂದುತ್ತಿಲ್ಲ. ಸುಮ್ನೆ ಮುಂದುವರಿಸಿದರೆ ಲಾಭವಿಲ್ಲ.

ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ದಿದ್ದರೆ ನಾನು ಹೇಳುತ್ತಿದ್ದುದು ಇಷ್ಟು. ಇವತ್ತಿನಿಂದ ನಾಲ್ಕು ವಾರ ಕೀಳುವುದನ್ನು ನಿಲ್ಲಿಸಿ, ರೇಜರ್ ಮಾತ್ರ ಬಳಸು. ಈ ನಡುವೆ ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡು ಗದ್ದದ ವಿಷಯಕ್ಕೆ ರಕ್ತಪರೀಕ್ಷೆ ಮಾಡಿಸು. ಕಾಲಿನ ಗುಳ್ಳೆ ಪೂರ್ತಿ ಇಳಿದ ಮೇಲೆ, ಹಣದ ಲೆಕ್ಕ ಹೊಂದಿದರೆ, ಪರೀಕ್ಷೆಯ ಹೊಡೆತ ಮಾಡಿಸಿ ಕಾಲಿಗೆ ಡಯೋಡ್ ಅಥವಾ 1064 ಶುರುಮಾಡು. ಲೆಕ್ಕ ಹೊಂದದಿದ್ದರೆ ಒಳ್ಳೆಯ ಕೈ ಹುಡುಕಿಕೊಂಡು ವ್ಯಾಕ್ಸಿಂಗಿಗೇ ವಾಪಸ್ ಹೋಗು, ಎಪಿಲೇಟರ್ ಮಾತ್ರ ಎತ್ತಿಡು. ಹಳೆಯ ಚುಕ್ಕೆಗಳಿಗೆ ಅಜೆಲೈಕ್ ಆಸಿಡ್ ಕ್ರೀಮ್ ಬರೆದುಕೊಡಬಹುದು, ಆದರೆ ಹೊಸ ಗುಳ್ಳೆ ಬರುವುದು ನಿಲ್ಲುವ ತನಕ ಅದನ್ನು ಹಚ್ಚಿ ಪ್ರಯೋಜನವಿಲ್ಲ. ಇವತ್ತೇ ಹಗಲು ಬೆಳಕಿನಲ್ಲಿ, ಒಂದೇ ದೂರದಿಂದ, ಎರಡೂ ಮೀನಖಂಡದ ಫೋಟೊ ತೆಗೆದಿಡಿ. ತಿಂಗಳು ಬಿಟ್ಟು ಅದೇ ಜಾಗದಲ್ಲಿ ಮತ್ತೆ ತೆಗೆಯಿರಿ. ಹೊಸ ಚುಕ್ಕೆ ಬಂದಿದೆಯಾ, ಹಳೆಯದು ತಿಳಿಯಾಗಿದೆಯಾ ಅನ್ನುವುದು ನೆನಪಿನಿಂದ ಹೇಳಲು ಆಗುವುದಿಲ್ಲ. ನೀವು ತೋರಿಸಲು ಹೋದಾಗ ನಿಮ್ಮ ವೈದ್ಯರಿಗೂ ಮೊದಲು ಬೇಕಾಗುವುದು ಆ ಎರಡು ಫೋಟೊಗಳೇ.